25 ಕೆಜಿ, 26 ಕೆಜಿ: ಒಂದು ಪಿಒ ತಿದ್ದಿಸೋಕೆ ಮೇಲ್ ಮಾಡಬೇಕಿತ್ತಾ, ವಾಟ್ಸಾಪ್ ಮಾಡಬೇಕಿತ್ತಾ?

ನಾನು ರಾಯಚೂರು ಜಿಲ್ಲೆಯ ಒಂದು ರೈಸ್ ಮಿಲ್ಲಿನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಬಿಲ್ ಮಾಡೋದು, ಲಾರಿ ಹೇಳೋದು, ಆಚೆ ಕಡೆಯವರ ಜೊತೆ ಮಾತಾಡೋದು, ಮೂರೂ ನನ್ನದೇ. ದಿನಕ್ಕೆ ಏನಿಲ್ಲ ಅಂದರೂ ನಲವತ್ತು ವಾಟ್ಸಾಪ್ ಮೆಸೇಜ್, ಹತ್ತು ಮೇಲ್ ಕಳಿಸುತ್ತೇನೆ. ಅದರಲ್ಲಿ ಅರ್ಧ ಯಾರಿಗೋ ಏನೋ ಕೇಳೋದೇ. ಯಾವುದನ್ನ ಎಲ್ಲಿ ಕೇಳಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಸಂಜೆ ಮಾತ್ರ ಒಂದೇ ಕೋರಿಕೆಯನ್ನ ಮೂರು ಸಲ, ಮೂರು ಥರ ಕೇಳಬೇಕಾಯ್ತು. ಮೊದಲ ಎರಡು ಸಲ ಕೆಲಸ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಆಮೇಲೆ ಕೂತು ನೋಡಿದ್ದನ್ನ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಮಸ್ಯೆ ಏನು ಅಂತ ಹೇಳಬೇಕು, ಇಲ್ಲದಿದ್ದರೆ ಯಾಕಿಷ್ಟು ಗಡಿಬಿಡಿ ಅಂತ ಗೊತ್ತಾಗೋದಿಲ್ಲ.

ಬೆಂಗಳೂರಿನ ಒಂದು ಅಂಗಡಿ ಸರಣಿಗೆ ನಾವು ಸೋನಾ ಮಸೂರಿ ಕಳಿಸುತ್ತೇವೆ. ಆ ಸಲ 600 ಚೀಲ, ಒಂದೊಂದೂ 26 ಕೆಜಿ, ಕೆಜಿಗೆ 52 ರೂಪಾಯಿ. ಫೋನಿನಲ್ಲಿ ಮಾತಾಗಿತ್ತು, ಮಾಲೂ ಪ್ಯಾಕ್ ಆಗಿತ್ತು. 26 ಕೆಜಿ ಯಾಕೆ ಅಂತ ಅಕ್ಕಿ ವ್ಯಾಪಾರದವರಿಗೆಲ್ಲ ಗೊತ್ತು. 2022ರ ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿಗೆ, ಚೀಲ 25 ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, 5% ಜಿಎಸ್‌ಟಿ ಬಂತು. ಅದಕ್ಕಿಂತ ಜಾಸ್ತಿ ತೂಕದ ಚೀಲಕ್ಕೆ ಇಲ್ಲ. ಹಾಗಾಗಿ ಮಿಲ್ಲುಗಳೆಲ್ಲ 26 ಕೆಜಿ ಚೀಲ ಹೊಲಿಸೋಕೆ ಶುರು ಮಾಡಿದವು. ಒಂದು ಕೆಜಿ ವ್ಯತ್ಯಾಸ, ಆದರೆ ಕಾಗದ ಪೂರಾ ಬೇರೆ. 25 ಕೆಜಿ ಆದರೆ ಟ್ಯಾಕ್ಸ್ ಇನ್‌ವಾಯ್ಸ್, ಮಾಲು ಸಾಗಿಸೋಕೆ ಇ-ವೇ ಬಿಲ್. 26 ಆದರೆ ತೆರಿಗೆ ಇಲ್ಲದ ಬಿಲ್ ಆಫ್ ಸಪ್ಲೈ, ಇ-ವೇ ಬಿಲ್ ಬೇಕಿಲ್ಲ.

ಸಂಜೆ 4.40. ಹಮಾಲರು ಲಾರಿಗೆ ಚೀಲ ಏರಿಸುತ್ತಿದ್ದರು, ಅರ್ಧ ಆಗಿತ್ತು. ನಾನು ಬಿಲ್ ಮಾಡೋಕೆ ಅವರು ಕಳಿಸಿದ್ದ ಪಿಒ, ಅಂದರೆ ಪರ್ಚೇಸ್ ಆರ್ಡರ್, ತೆಗೆದೆ. ಮೊತ್ತ 8,51,760 ಅಂತಿದೆ. ನಮ್ಮ ಲೆಕ್ಕ 8,11,200. ಸರಿಯಾಗಿ 40,560 ಜಾಸ್ತಿ. ಇದೇನಪ್ಪಾ ಅಂತ ಮೇಲಿನ ಸಾಲು ನೋಡಿದರೆ "ಸೋನಾ ಮಸೂರಿ 25 ಕೆಜಿ" ಅಂತ ಬಂದಿತ್ತು, ಅದಕ್ಕೆ 5% ತೆರಿಗೆ ತಾನಾಗೇ ಸೇರಿಕೊಂಡಿತ್ತು. ಪಿಒ ಮಾಡಿದವರು ಹಳೆ ಐಟಂ ಕೋಡ್ ಆರಿಸಿಬಿಟ್ಟಿದ್ದರು ಅಷ್ಟೇ.

ಅಷ್ಟೇ ಅಂದೆ, ಆದರೆ ಹಾಗೇ ಕಳಿಸೋ ಹಾಗಿಲ್ಲ. ಅವರ ಗೋಡೌನ್ ಗೇಟಿನಲ್ಲಿ ಪಿಒ, ಬಿಲ್, ಚೀಲದ ಲೇಬಲ್ ಮೂರನ್ನೂ ತಾಳೆ ನೋಡುತ್ತಾರೆ. ಹೊಂದಲಿಲ್ಲ ಅಂದರೆ ಇಳಿಸಿಕೊಳ್ಳೋದಿಲ್ಲ. ಲಾರಿ ಹೊರಗೆ ನಿಂತರೆ ಹಾಲ್ಟಿಂಗ್ ಬಾಡಿಗೆ ನಮ್ಮ ತಲೆಗೆ. ಪಿಒಗೆ ಹೊಂದಲಿ ಅಂತ ನಾನೇ ಬಿಲ್ಲಿನಲ್ಲಿ 25 ಅಂತ ಬರೆದರೆ ಅದು ಸುಳ್ಳು ಬಿಲ್ ಆಗುತ್ತದೆ, ಅದನ್ನಂತೂ ಮಾಡೋ ಹಾಗೇ ಇಲ್ಲ. ಇರೋದು ಒಂದೇ ದಾರಿ: ಅವರು ಪಿಒ ತಿದ್ದಿ ಕಳಿಸಬೇಕು. ಲಾರಿ ರಾತ್ರಿ ಒಂಬತ್ತಕ್ಕೆ ಬಿಟ್ಟರೆ ಬೆಳಗ್ಗೆ ಗೇಟಿಗೆ ಹೋಗುತ್ತದೆ. ಬೆಂಗಳೂರಿನವರ ಆಫೀಸು ಮುಚ್ಚೋದು ಆರೂವರೆ, ಏಳು.

ಮೊದಲನೇ ಸಲ: ಗ್ರೂಪಿನಲ್ಲಿ

ಅವರಿಗೂ ನಮಗೂ ಸೇರಿ ಒಂದು ವಾಟ್ಸಾಪ್ ಗ್ರೂಪ್ ಇದೆ. ಅವರ ಖರೀದಿ ಮೇಡಂ, ಅವರ ಮ್ಯಾನೇಜರ್, ಗೋಡೌನಿನವರು, ಲಾರಿ ಆಫೀಸಿನವರು, ನಮ್ಮ ಸಾವ್ಕಾರ್ರು, ಎಲ್ಲ ಸೇರಿ ಹನ್ನೊಂದು ಜನ. 4.50ಕ್ಕೆ ನಾನು ಅದರಲ್ಲಿ ಹಾಕಿದ್ದು ಇದು:

"ಏನ್ರೀ ಮೇಡಂ, ಪಿಒ ತಪ್ಪು ಕಳಿಸೀರಿ"
"26 ಬದಲಿ 25 ಹಾಕೀರಿ"
"ಲಾರಿ ನಿಂತದ"
"ಅರ್ಜೆಂಟ್ ಚೇಂಜ್ ಮಾಡಿ ಕಳಸ್ರಿ"

ನಾಲ್ಕು ಮೆಸೇಜ್, ಒಂದರ ಹಿಂದೆ ಒಂದು. ಐದು ನಿಮಿಷಕ್ಕೆ ನೀಲಿ ಗುರುತು ಬಂತು. ಗ್ರೂಪಿನಲ್ಲಿ ಎಲ್ಲರೂ ಓದಿದ ಮೇಲೇ ಅದು ನೀಲಿ ಆಗೋದು, ಅಂದರೆ ಮೇಡಮ್ಮೂ ಓದಿದ್ದರು, ಅವರ ಮ್ಯಾನೇಜರೂ ಓದಿದ್ದರು. ಉತ್ತರ ಇಲ್ಲ. 5.15ಕ್ಕೆ ಎರಡು ಪ್ರಶ್ನೆ ಚಿಹ್ನೆ ಹಾಕಿದೆ. 5.25ಕ್ಕೆ ಒಂದೇ ಸಾಲು ಬಂತು: "ಮೇಲ್ ಮಾಡಿ."

ನನಗೆ ಸಿಟ್ಟು ಬಂತು. ಎರಡು ನಿಮಿಷದ ಕೆಲಸ, ಮೇಲ್ ಮಾಡಿ ಅಂತಾರಲ್ಲ ಅಂತ. ಈಗ ಆ ಮೆಸೇಜನ್ನ ಅವರ ಕಣ್ಣಿನಿಂದ ಓದಿದರೆ ಬೇರೆ ಕಾಣುತ್ತದೆ.

ಆ "ಏನ್ರೀ"ಯನ್ನೇ ತಗೊಳ್ಳಿ. ನಮ್ಮ ಕಡೆ ರೀ ಅನ್ನೋದು ಮರ್ಯಾದೆ. ಬರ್ರಿ, ಕೂಡ್ರಿ, ಹೇಳ್ರಿ ಅಂತ ಹೆಂಡತಿ ಗಂಡನಿಗೂ, ಗುಮಾಸ್ತ ಸಾವ್ಕಾರನಿಗೂ ಅನ್ನುತ್ತಾನೆ. ರೀ ಹಚ್ಚದೇ ಮಾತಾಡಿದರೇ ಸೊಕ್ಕು. ಬೆಂಗಳೂರು, ಮೈಸೂರು ಕಡೆಯವರ ಕಿವಿಗೆ "ಏನ್ರೀ" ಅಂದರೆ ಜಗಳ ತೆಗೆದ ಹಾಗೆ. ಬಸ್ಸಿನಲ್ಲಿ ಚಿಲ್ಲರೆಗೆ ಕಂಡಕ್ಟರ್ ಜೊತೆ ಮಾತು ಬೆಳೆದಾಗ ಬರೋ "ಏನ್ರೀ" ಅದು. ಫೋನಿನಲ್ಲಿ ನಾನು ಅದನ್ನೇ ಅಂದಾಗ ಅವರು ನಗುನಗುತ್ತಾ ಮಾತಾಡಿದ್ದಾರೆ, ಯಾಕಂದರೆ ಧ್ವನಿ ಕೇಳುತ್ತದೆ, ಎಳೆದು ಹೇಳೋ ರಾಗ ಕೇಳುತ್ತದೆ. ಅಕ್ಷರದಲ್ಲಿ ಆ ರಾಗ ಹೋಗಿಬಿಡುತ್ತದೆ, ಉಳಿಯೋದು ಬರೀ "ಏನ್ರೀ, ತಪ್ಪು ಕಳಿಸೀರಿ." ಈ ಒಂದು ವಿಷಯ ನಮ್ಮ ಕಡೆಯಿಂದ ದಕ್ಷಿಣಕ್ಕೆ ಮೆಸೇಜ್ ಮಾಡೋ ಎಲ್ಲರೂ ತಲೆಯಲ್ಲಿ ಇಟ್ಟುಕೊಳ್ಳಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಅದಕ್ಕಿಂತ ದೊಡ್ಡದು, ಅದು ಗ್ರೂಪು. ಅವರ ಮ್ಯಾನೇಜರ್ ಎದುರಿಗೆ, ಲಾರಿಯವರ ಎದುರಿಗೆ ನಿಮ್ಮದು ತಪ್ಪು ಅಂದುಬಿಟ್ಟೆ. ಅಲ್ಲಿ ಅವರು ಏನಂತ ಉತ್ತರ ಕೊಡಬೇಕು? "ಹೌದು, ನನ್ನದೇ ತಪ್ಪು" ಅಂತ ಹನ್ನೊಂದು ಜನರ ಮುಂದೆ ಬರೆಯಬೇಕು, ಇಲ್ಲಾ ಸುಮ್ನೆ ಇರಬೇಕು. ಅವರು ಸುಮ್ಮನಿದ್ದರು. "ಮೇಲ್ ಮಾಡಿ" ಅಂದಿದ್ದು ಕೆಲಸ ತಳ್ಳೋಕೆ ಅಂತ ನಾನು ಅಂದುಕೊಂಡೆ, ಆದರೆ ಅದರಲ್ಲಿ ಅರ್ಧ ನಿಜವಾದ ಕಾರಣ ಇತ್ತು. ಅದು ಆಮೇಲೆ ಗೊತ್ತಾಯ್ತು.

ಎರಡನೇ ಸಲ: ಸಿಟ್ಟಿನ ಮೇಲ್

5.40ಕ್ಕೆ ಮೇಲ್ ಕಳಿಸಿದೆ. ವಿಷಯದ ಸಾಲಿನಲ್ಲಿ "ಅರ್ಜೆಂಟ್" ಅಂತ ಒಂದೇ ಪದ. ಒಳಗೆ ನಾಲ್ಕು ಪ್ಯಾರಾ. ಮೊದಲು ಯಾವ ದಿನ ಫೋನಿನಲ್ಲಿ ಏನು ಮಾತಾಯ್ತು, ಆಮೇಲೆ ನಾವು ಎಷ್ಟು ವರ್ಷದಿಂದ 26 ಕೆಜಿ ಕಳಿಸುತ್ತಿದ್ದೇವೆ, ಆಮೇಲೆ ಗ್ರೂಪಿನಲ್ಲಿ ಹೇಳಿದರೂ ಯಾರೂ ನೋಡಲಿಲ್ಲ ಅಂತ. ಕಟ್ಟಕಡೆಗೆ, ದಯವಿಟ್ಟು ಪಿಒ ತಿದ್ದಿ ಅಂತ. ಸಿಸಿಯಲ್ಲಿ ಅವರ ಮ್ಯಾನೇಜರನ್ನ ಹಾಕಿದೆ, ಅವರ ಮೇಲಿನವರನ್ನೂ ಹಾಕಿದೆ.

ಆರು ಗಂಟೆವರೆಗೂ ಏನೂ ಇಲ್ಲ.

ತಿದ್ದಿದ ಪಿಒ ಬೇಕಾದರೆ ಮೇಲ್ ಆಗಲೇಬೇಕು, ಅದರಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಕೈಲಿದ್ದದ್ದು ಒಂದು ಗಂಟೆಗೂ ಕಡಿಮೆ ಸಮಯ, ಮತ್ತೆ ಮೇಲನ್ನ ಜನ ತಮ್ಮ ಹೊತ್ತಿಗೆ ನೋಡುತ್ತಾರೆ. ಮೇಡಂ ಆ ಸಂಜೆ ಬೇರೆ ಮಿಲ್ಲಿನವರ ಜೊತೆ ಕೂತಿದ್ದರಂತೆ. ಕೈಯಲ್ಲಿ ಫೋನಿತ್ತು, ಲ್ಯಾಪ್‌ಟಾಪ್ ಮುಚ್ಚಿತ್ತು. ಮೇಲ್ ಬಂದಿದೆ ಅಂತಾನೇ ಗೊತ್ತಿಲ್ಲ. "ಅರ್ಜೆಂಟ್" ಅನ್ನೋ ಪದ ಕೂಡ ಏನೂ ಮಾಡೋದಿಲ್ಲ. ಖರೀದಿ ವಿಭಾಗದ ಇನ್‌ಬಾಕ್ಸಿನಲ್ಲಿ ದಿನಕ್ಕೆ ಎಷ್ಟೋ ಅರ್ಜೆಂಟ್ ಇರುತ್ತವೆ. ಎಷ್ಟು ಗಂಟೆಯೊಳಗೆ, ತಪ್ಪಿದರೆ ಏನಾಗುತ್ತದೆ ಅಂತ ಇದ್ದರೆ ಮಾತ್ರ ಅದು ಅರ್ಜೆಂಟ್.

ಮೇಲಿನವರನ್ನ ಸಿಸಿಗೆ ಹಾಕಿದ್ದು ದೂರು ಕೊಟ್ಟ ಹಾಗೆ ಆಯ್ತು. ನಾನು ಕೇಳಬೇಕಿದ್ದದ್ದು ಸಹಾಯ. ಎರಡನ್ನೂ ಒಂದೇ ಮೇಲಿನಲ್ಲಿ ಇಟ್ಟರೆ ಓದುವವರಿಗೆ ದೂರೇ ಮೊದಲು ಕಾಣೋದು.

ಕಾಕಾ ಕೇಳಿದ ಪ್ರಶ್ನೆ

ನಮ್ಮ ಮಿಲ್ಲಿನ ಲೆಕ್ಕ ಬರೆಯೋ ಕಾಕಾ, ಮೂವತ್ತು ವರ್ಷದಿಂದ ಇಲ್ಲೇ ಇರುವವರು, ನಾನು ಫೋನ್ ಹಿಡಿದು ಅತ್ತಿಂದಿತ್ತ ಓಡಾಡೋದನ್ನ ನೋಡಿ ಕರೆದರು.

"ಆ ಅಕ್ಕಾರಿಂದ ನಿನಗ ಬೇಕಾಗಿದ್ದೇನಪಾ? ಹೂಂ ಅನ್ನೋದು ಬೇಕೋ, ಕಾಗದ ಬೇಕೋ?"

"ಎರಡೂ ಬೇಕ್ರಿ ಕಾಕಾ."

"ಎರಡು ಬೇಕಾದ್ರ ಎರಡು ಸಲ ಕೇಳು. ಹೂಂ ಅನ್ನೋದು ಫೋನಿನಾಗ ಸಿಗ್ತದ. ಕಾಗದ ಮೇಲಿನಾಗ ಸಿಗ್ತದ. ನೀ ಫೋನಿನಾಗ ಕಾಗದ ಕೇಳೀದಿ, ಮೇಲಿನಾಗ ಜಗಳ ತೆಗದೀದಿ."

ಇದಕ್ಕಿಂತ ಸರಿಯಾಗಿ ಯಾರೂ ಹೇಳೋಕೆ ಆಗೋದಿಲ್ಲ. ನನಗೆ ಬೇಕಿದ್ದದ್ದು ಎರಡು, ಅವಕ್ಕೆ ಎರಡು ಬೇರೆ ಗಡುವು. ಮೇಡಂ ವಿಷಯವನ್ನ ನೋಡಿ ಹೂಂ ಅನ್ನಬೇಕು, ಅದು ಅರ್ಧ ಗಂಟೆಯೊಳಗೆ. ಆಮೇಲೆ ಅವರ ಸಾಫ್ಟ್‌ವೇರಿನಲ್ಲಿ ಪಿಒ ತಿದ್ದಿ, ಮ್ಯಾನೇಜರ್ ಒಪ್ಪಿಗೆ ಕೊಟ್ಟು, ಹೊಸ ಪಿಡಿಎಫ್ ಬರಬೇಕು, ಅದಕ್ಕೆ ರಾತ್ರಿ ಎಂಟೂವರೆ ತನಕ ಟೈಮ್ ಇದೆ.

ಮೂರನೇ ಸಲ

ಮೊದಲು ಮೇಲನ್ನೇ ಹೊಸದಾಗಿ ಬರೆದೆ. ಚಾಟಿನಲ್ಲಿ "ಮೇಲ್ ಕಳಿಸಿದ್ದೇನೆ" ಅಂತ ಹೇಳೋ ಹೊತ್ತಿಗೆ ಮೇಲ್ ಅಲ್ಲಿ ಇರಬೇಕು, ಹಾಗಾಗಿ ಅದೇ ಮೊದಲು. ಹಳೇ ಮೇಲಿಗೆ ಉತ್ತರವಾಗಿ ಬರೆಯಲಿಲ್ಲ, ಬರೆದಿದ್ದರೆ ಕೆಳಗೆ ಆ ಸಿಟ್ಟಿನ ನಾಲ್ಕು ಪ್ಯಾರಾನೂ ಜೊತೆಗೆ ಹೋಗುತ್ತಿತ್ತು. ಸಿಸಿಯಲ್ಲಿ ಯಾರೂ ಇಲ್ಲ, ನಮ್ಮ ಸಾವ್ಕಾರ್ರು ಮಾತ್ರ. ಇಂಗ್ಲಿಷಿನಲ್ಲಿ ಬರೆದದ್ದು, ಕನ್ನಡದಲ್ಲಿ ಹೇಳಿದರೆ ಹೀಗೆ:

> ವಿಷಯ: ಪಿಒ ತಿದ್ದುಪಡಿ: 25 ಕೆಜಿ ಬದಲು 26 ಕೆಜಿ, ಇಂದು ರಾತ್ರಿ 8.30ರೊಳಗೆ
>
> ನಮಸ್ಕಾರ ಮೇಡಂ,
>
> ಇಂದಿನ ಪಿಒದ ಮೊದಲ ಸಾಲಿನಲ್ಲಿ ಐಟಂ 25 ಕೆಜಿ ಎಂದು ಬಂದಿದೆ. ದಯವಿಟ್ಟು 26 ಕೆಜಿ ಐಟಂಗೆ ಬದಲಿಸಿ ಕಳಿಸಿಕೊಡುವಿರಾ?
>
> ಚೀಲಕ್ಕೆ 1,352 ರೂಪಾಯಿ ಎಂಬ ದರ ಸರಿಯಾಗಿದೆ. ಅದು 26 ಕೆಜಿಗೆ, ಕೆಜಿಗೆ 52ರಂತೆ. 600 ಚೀಲಕ್ಕೆ 8,11,200. 26 ಕೆಜಿ ಚೀಲಕ್ಕೆ ತೆರಿಗೆ ಇಲ್ಲದ ಕಾರಣ 40,560 ರೂಪಾಯಿ ತೆರಿಗೆ ಸಾಲು ಇರುವುದಿಲ್ಲ.
>
> ಪಿಒ ಮತ್ತು ಚೀಲದ ಲೇಬಲ್ಲಿನ ಫೋಟೋ ಜೊತೆಗಿದೆ. ಲಾರಿ ರಾತ್ರಿ 9ಕ್ಕೆ ಹೊರಡುತ್ತದೆ. ಇಂದು ಆಗದಿದ್ದರೆ ತಿಳಿಸಿ, ಲಾರಿಯನ್ನು ನಾಳೆ ಸಂಜೆಗೆ ಬಿಡುತ್ತೇವೆ.

ಇದರಲ್ಲಿ ತಪ್ಪು ಅನ್ನೋ ಪದ ಎಲ್ಲೂ ಇಲ್ಲ, ನೋಡಿ. ಬೇಕಾಗಿಯೂ ಇಲ್ಲ. 1,352ನ್ನ 26ರಿಂದ ಭಾಗಿಸಿದರೆ ಸರಿಯಾಗಿ 52 ಬರುತ್ತದೆ, 25ರಿಂದ ಭಾಗಿಸಿದರೆ 54 ರೂಪಾಯಿ 8 ಪೈಸೆ ಅಂತ ಯಾರೂ ಮಾತಾಡದ ದರ ಬರುತ್ತದೆ. ಅಂದರೆ ಅವರು ದರ ಸರಿಯಾಗೇ ಹಾಕಿದ್ದಾರೆ, ಕೋಡ್ ಮಾತ್ರ ಬೇರೆ ಬಂದಿದೆ. ಯಾರ ಮೇಲೂ ಬೆರಳು ತೋರಿಸದೆ ಲೆಕ್ಕವೇ ಅದನ್ನ ಹೇಳುತ್ತದೆ. ಅವರ ಮ್ಯಾನೇಜರಿಗೂ ಒಪ್ಪಿಗೆ ಕೊಡೋಕೆ ಬೇಕಾದದ್ದು ಇಷ್ಟೇ.

ಆಮೇಲೆ 6.10ಕ್ಕೆ ವಾಟ್ಸಾಪ್. ಗ್ರೂಪಿಗಲ್ಲ, ಅವರೊಬ್ಬರಿಗೇ. ಒಂದೇ ಮೆಸೇಜ್:

"ನಮಸ್ಕಾರ ಮೇಡಂ. ಗ್ರೂಪಿನಲ್ಲಿ ಹಾಗೆ ಹಾಕಿದ್ದಕ್ಕೆ ಕ್ಷಮಿಸಿ, ನಿಮಗೇ ನೇರವಾಗಿ ಹೇಳಬೇಕಿತ್ತು. ಪಿಒದಲ್ಲಿ 25 ಕೆಜಿ ಐಟಂ ಬಂದಿದೆ, ಮಾಲು 26 ಕೆಜಿ. ವಿವರ ಈಗಷ್ಟೇ ಮೇಲ್ ಮಾಡಿದ್ದೇನೆ, ನೀವು ಹಾಗೇ ಮುಂದಕ್ಕೆ ಕಳಿಸಬಹುದು. ಇವತ್ತು ಎಂಟೂವರೆ ಒಳಗೆ ಆಗುತ್ತಾ ಅಂತ ಒಂದು ಮಾತು ಹೇಳಿದರೆ ಸಾಕು. ಆಗದಿದ್ದರೂ ಪರವಾಗಿಲ್ಲ, ಲಾರಿ ನಾಳೆಗೆ ಹೇಳುತ್ತೇನೆ."

6.18ಕ್ಕೆ ಅವರೇ ಫೋನ್ ಮಾಡಿದರು. ಮೀಟಿಂಗಿನಿಂದ ಆಚೆ ಬಂದು ಮಾತಾಡುತ್ತಿದ್ದೇನೆ ಅಂದರು. "ಆಗುತ್ತೆ, ನಾನು ಮಾಡಿಸ್ತೀನಿ. ನೀವು ಲೋಡಿಂಗ್ ಮುಗಿಸಿ." 7.35ಕ್ಕೆ ತಿದ್ದಿದ ಪಿಒ ಮೇಲಿಗೆ ಬಂತು. ಬಿಲ್ ಮಾಡಿ, ಕಾಟಾ ಚೀಟಿ ಹಚ್ಚಿ, 8.50ಕ್ಕೆ ಲಾರಿ ಬಿಟ್ಟೆವು.

ಆ ಫೋನಿನಲ್ಲೇ ಅವರು ಹೇಳಿದ್ದು, ಮೇಲ್ ಮಾಡಿ ಅಂದಿದ್ದು ಯಾಕೆ ಅಂತ. ಪಿಒ ಒಮ್ಮೆ ಹೊರಗೆ ಹೋದ ಮೇಲೆ ಅದನ್ನ ತಿದ್ದೋಕೆ ಅವರ ಕಂಪನಿಯಲ್ಲಿ ಸರಬರಾಜು ಮಾಡುವವರ ಮೇಲ್ ಜೊತೆಗೆ ಹಚ್ಚಲೇಬೇಕಂತೆ. ವಾಟ್ಸಾಪ್ ಸ್ಕ್ರೀನ್‌ಶಾಟ್ ನಡೆಯೋದಿಲ್ಲ. ಅದೂ "ಏನ್ರೀ" ಇರೋ ಸ್ಕ್ರೀನ್‌ಶಾಟನ್ನ ಮ್ಯಾನೇಜರಿಗೆ ಯಾರು ತೋರಿಸುತ್ತಾರೆ, ಅಲ್ವಾ? ಹೊಸ ಮೇಲನ್ನ ಅವರು ಒಂದಕ್ಷರ ಸೇರಿಸದೆ ಫೋನಿನಿಂದಲೇ ಮುಂದಕ್ಕೆ ಕಳಿಸಿದರು. ನಾಲ್ಕು ಪ್ಯಾರಾದ ಮೊದಲನೇ ಮೇಲನ್ನ ಹಾಗೆ ಕಳಿಸೋಕೆ ಆಗುತ್ತಿರಲಿಲ್ಲ, ಅದರಲ್ಲಿ ಅವರ ಮೇಲೇ ದೂರಿತ್ತು. ಅವತ್ತಿನಿಂದ ಕೋರಿಕೆಯ ಮೇಲ್ ಕಳಿಸೋ ಮುಂಚೆ ನಾನು ಒಂದೇ ಒಂದು ನೋಡುತ್ತೇನೆ: ಓದಿದವರು ಇದನ್ನ ತಮ್ಮ ಮೇಲಿನವರಿಗೆ ಹೀಗೇ ಕಳಿಸಬಹುದಾ? ಆಗೋದಿಲ್ಲ ಅನಿಸಿದ ಸಾಲನ್ನ ತೆಗೆಯುತ್ತೇನೆ.

ಚಾಟಿನ ಮೆಸೇಜಿನಲ್ಲೂ ಒಂದು ವ್ಯತ್ಯಾಸ ಇದೆ. "ಕಳಸ್ರಿ" ಹೋಗಿ "ಆಗುತ್ತಾ" ಬಂತು. ಆಗುತ್ತಾ ಅಂತ ಕೇಳಿದಾಗ ಇಲ್ಲ ಅನ್ನೋಕೂ ಜಾಗ ಇರುತ್ತದೆ. ಆದರೆ ಈ ಜಾಗ ನಿಜವಾಗಿ ಇರಬೇಕು. ನಾನು ಸಾವ್ಕಾರ್ರನ್ನ ಕೇಳಿಯೇ "ನಾಳೆಗೆ ಹೇಳುತ್ತೇನೆ" ಅಂತ ಬರೆದದ್ದು. ಒಂದು ದಿನದ ಹಾಲ್ಟಿಂಗ್ ಕೊಡೋಣ, ಸುಳ್ಳು ಬಿಲ್ ಬೇಡ ಅಂದಿದ್ದರು. ಆ ಒಪ್ಪಿಗೆ ಇಲ್ಲದಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ.

ಇದೇ ಲೆಕ್ಕ ಎಲ್ಲದಕ್ಕೂ ಅಲ್ಲ

ಎಲ್ಲ ಕೋರಿಕೆಗೂ ಮೇಲ್ ಒಂದು, ಚಾಟ್ ಒಂದು ಕಳಿಸುತ್ತಾ ಕೂತರೆ ಆಚೆ ಕಡೆಯವರು ಎರಡನ್ನೂ ನೋಡೋದು ಬಿಡುತ್ತಾರೆ. ಲಾರಿ ನಂಬರ್ ಬದಲಾಯ್ತು, ಡ್ರೈವರ್ ಫೋನ್ ನಂಬರ್ ಬೇಕು, ಗೇಟಿನಲ್ಲಿ ಎಷ್ಟು ಹೊತ್ತಿಗೆ ಬರಬೇಕು, ಇವಕ್ಕೆಲ್ಲ ಗ್ರೂಪೇ ಸರಿ. ನಾಳೆ ಇದನ್ನ ಯಾರೂ ಹುಡುಕೋದಿಲ್ಲ, ಯಾರಿಗೂ ಮುಜುಗರ ಇಲ್ಲ.

ದರ ಜಾಸ್ತಿ ಮಾಡಿ ಅಂತ ಕೇಳೋದು ಪೂರಾ ಬೇರೆ. ಅದಕ್ಕೆ ನಾನು ಮೇಲ್ ಮಾತ್ರ ಮಾಡುತ್ತೇನೆ, ಅದೂ ಬೆಳಗ್ಗೆ ಹೊತ್ತು. ಅವರು ಯೋಚನೆ ಮಾಡಬೇಕು, ಬೇರೆ ಮಿಲ್ಲಿನ ದರ ನೋಡಬೇಕು, ಮೇಲಿನವರನ್ನ ಕೇಳಬೇಕು. ಆ ಕೋರಿಕೆ ಚಾಟಿನಲ್ಲಿ ಹೋದರೆ ನೀಲಿ ಗುರುತು ಬಂದ ಕ್ಷಣದಿಂದ ಅವರ ಮೇಲೆ ಉತ್ತರ ಕೊಡೋ ಒತ್ತಡ ಬೀಳುತ್ತದೆ, ಒತ್ತಡದಲ್ಲಿ ಜನ ಇಲ್ಲ ಅಂತಾನೇ ಅನ್ನೋದು. ಬಾಕಿ ಹಣ ಕೇಳೋದೂ ಹಾಗೇ. ರಾತ್ರಿ ಹತ್ತಕ್ಕೆ ವಾಟ್ಸಾಪಿನಲ್ಲಿ ಹಣ ಕೇಳಿದರೆ, ಎಷ್ಟೇ ಮೃದುವಾಗಿ ಬರೆದರೂ ಅದು ಮನೆ ಬಾಗಿಲಿಗೆ ಹೋಗಿ ನಿಂತ ಹಾಗೇ.

ಅರ್ಧ ಗಂಟೆಗಿಂತ ಕಡಿಮೆ ಟೈಮ್ ಇದ್ದರೆ ಎರಡೂ ಬಿಟ್ಟು ಫೋನ್ ಮಾಡಬೇಕು, ಮಾತಾದ ಮೇಲೆ "ಈಗ ಮಾತಾಡಿದಂತೆ" ಅಂತ ಎರಡು ಸಾಲು ಮೇಲ್. ಅವತ್ತು ನಾನು 4.50ಕ್ಕೇ ಫೋನ್ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಾಡಬಹುದಿತ್ತು. ಮೀಟಿಂಗಿನಲ್ಲಿದ್ದ ಅವರು ಎತ್ತುತ್ತಿರಲಿಲ್ಲ ಅನಿಸುತ್ತದೆ, ಆದರೂ ಒಂದು ಮಿಸ್ಡ್ ಕಾಲ್ ನನ್ನ ಆ ನಾಲ್ಕು ಮೆಸೇಜಿಗಿಂತ ಒಳ್ಳೆಯದು.

ಮಾರನೇ ದಿನ ಬೆಳಗ್ಗೆ ಇನ್ನೊಂದು ಆಯ್ತು. ಗೇಟಿನವರ ಕೈಯಲ್ಲಿ ಹಿಂದಿನ ದಿನ ಮಧ್ಯಾಹ್ನವೇ ತೆಗೆದಿಟ್ಟ ಹಳೇ ಪಿಒ ಪ್ರಿಂಟ್ ಇತ್ತು. 25 ಅಂತಿದೆ, ಇಳಿಸೋದಿಲ್ಲ ಅಂದರು. ಡ್ರೈವರ್ ಗಾಬರಿಯಾಗಿ ನನಗೆ ಫೋನ್ ಮಾಡಿದ. ಗೇಟಿನವರು ಮೇಲ್ ನೋಡುವ ಜನ ಅಲ್ಲ, ಅವರಿಗೆ ಫೋನೇ ಎಲ್ಲ. ಹೊಸ ಪಿಒ ಪಿಡಿಎಫನ್ನ ಡ್ರೈವರ್ ವಾಟ್ಸಾಪಿಗೆ ಹಾಕಿದೆ, ಅವನು ಸ್ಕ್ರೀನ್ ತೋರಿಸಿದ, ಅವರು ಒಳಗೆ ಕಂಪ್ಯೂಟರಿನಲ್ಲಿ ನಂಬರ್ ತಾಳೆ ನೋಡಿ ಬಿಟ್ಟರು. ಹತ್ತು ನಿಮಿಷದ ಕೆಲಸ. ಈಗ ಪಿಒ ತಿದ್ದಿಸಿದಾಗಲೆಲ್ಲ ಲಾರಿ ಬಿಡೋ ಮುಂಚೆಯೇ ಪಿಡಿಎಫ್ ಡ್ರೈವರ್ ಫೋನಿಗೆ ಹೋಗಿರುತ್ತದೆ.

ಮುಂದಿನ ತಿಂಗಳ ಪಿಒ ಬಂದಾಗ ಐಟಂ ಹೆಸರೇ ಬದಲಾಗಿತ್ತು. ಮೊದಲು "ಸೋನಾ ಮಸೂರಿ" ಅಂತ ಶುರುವಾಗಿ ಕೊನೆಗೆ ತೂಕ ಇರುತ್ತಿತ್ತು, ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು. ಮೇಡಂ ಹೇಳಿ ಮಾಡಿಸಿದ್ದರು: ಈಗ ಸಾಲಿನ ಮೊದಲಿಗೇ "26 ಕೆಜಿ" ಅಂತ ಇದೆ.